ಮುತ್ಯಾ ಕಂಡ ಸಮುದ್ರ: ಒಂದು ಸಣ್ಣಕಥೆ ಹುಟ್ಟುವ ಬಗೆ

ದೀಪಾವಳಿಯ ಪಾಡ್ಯ ಮುಗಿದ ಮಾರನೆಯ ದಿನದಿಂದ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯ ಬಾಡಿಗೆ ಗಾಡಿಗಳು ಗೋಕರ್ಣ, ಮುರುಡೇಶ್ವರಗಳ ಹಾದಿ ಹಿಡಿಯುತ್ತವೆ. ಮಕ್ಕಳಿಗೆ ರಜೆ, ದೊಡ್ಡವರಿಗೆ ದೇವರ ದರ್ಶನ. ಹಿಂದಿನ ಸೀಟಿನಲ್ಲಿ ಧೋತರ, ರುಮಾಲಿನ ಒಬ್ಬ ಹಿರಿಯರು ಇದ್ದೇ ಇರುತ್ತಾರೆ. ಎಪ್ಪತ್ತು ದಾಟಿದೆ, ಸಮುದ್ರ ನೋಡಿಲ್ಲ. ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್ ಉದ್ದವಿದ್ದರೂ ಅದನ್ನು ಹಂಚಿಕೊಂಡಿರುವುದು ಮೂರೇ ಜಿಲ್ಲೆಗಳು. ಉಳಿದ ನಾಡಿನ ರೈತನಿಗೆ ಅಲ್ಲಿಗೆ ಹೋಗುವ ಕೆಲಸವೇ ಬೀಳುವುದಿಲ್ಲ. ಹಾಗಾಗಿ ಈ ಅಜ್ಜ ಕನ್ನಡದ ಸಣ್ಣಕಥೆಗೆ ತಾನಾಗಿ ಒದಗಿ ಬರುವ ಪಾತ್ರ. ಆದರೂ ಅವನ ಕುರಿತ ಕಥೆಗಳು ಬಹಳ ಸಲ ಒಂದೇ ಜಾಗದಲ್ಲಿ ಸೋಲುತ್ತವೆ. ಸಮುದ್ರ ಕಾಣುತ್ತದೆ, ಅಜ್ಜನ ಕಣ್ಣು ತುಂಬುತ್ತದೆ, ತೀರಿಹೋದ ಹೆಂಡತಿಯ ನೆನಪಾಗುತ್ತದೆ, ಕಥೆ ಮುಗಿಯುತ್ತದೆ. ಕಡಲಿನ ಬದಲು ಅಲ್ಲಿ ಬೆಟ್ಟವೋ ವಿಮಾನವೋ ಇದ್ದಿದ್ದರೂ ಏನೂ ಬದಲಾಗುತ್ತಿರಲಿಲ್ಲ.

ಹೀಗಾಗುವುದಕ್ಕೆ ಒಂದು ಕಾರಣವಿದೆ. ನಮ್ಮ ಸಾಹಿತ್ಯದ ಕಡಲನ್ನು ಹೆಚ್ಚಾಗಿ ಬರೆದವರು ಅದರ ಪಕ್ಕದಲ್ಲೇ ಹುಟ್ಟಿದವರು. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಅದು ಮನೆಯ ಹಿಂದಿನ ನೆರೆ. ಹನೇಹಳ್ಳಿಯ ಯಶವಂತ ಚಿತ್ತಾಲರಿಗೂ ಗೋಕರ್ಣದ ಜಯಂತ ಕಾಯ್ಕಿಣಿಯವರಿಗೂ ಅದು ಬಾಲ್ಯದಿಂದ ಕಂಡದ್ದು. ಬಯಲುಸೀಮೆಯ ಅಜ್ಜನಿಗೆ ಅವರ ಕಣ್ಣನ್ನು ಕೊಟ್ಟರೆ ಅವನು ಆಡುವುದೆಲ್ಲ ಕವಿಯ ಮಾತಾಗುತ್ತದೆ. ಸಮುದ್ರ ದೊಡ್ಡದಾಗಿತ್ತು ಎಂದಷ್ಟೇ ಶಾಲಾ ಹುಡುಗನೊಬ್ಬ ನೋಟ್‌ಬುಕ್ಕಿನಲ್ಲಿ ಬರೆದ ವರ್ಣನೆಯನ್ನು ರಷ್ಯದ ಕಥೆಗಾರ ಚೆಕಾಫ್ ಬಹಳ ಮೆಚ್ಚಿದ್ದನೆಂದು ಅವನ ಗೆಳೆಯ ಬುನಿನ್ ನೆನಪಿನಲ್ಲಿ ದಾಖಲಿಸಿದ್ದಾನೆ. ಆ ಹುಡುಗ ತನ್ನ ಅಳತೆಯಲ್ಲಿ ಬರೆದಿದ್ದ. ಅಜ್ಜನಿಗೂ ಅವನದೇ ಅಳತೆ ಬೇಕು. ಕಥೆಗಾರ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಮನುಷ್ಯ ಇಲ್ಲಿಯವರೆಗೆ ಕಂಡ ಅತಿ ದೊಡ್ಡ ನೀರು ಯಾವುದು?

ಒಂದು ಕಥೆಯನ್ನೇ ಕಟ್ಟಿ ನೋಡೋಣ. ನಮ್ಮ ಮುದುಕ ಬಾಗಲಕೋಟೆ ಕಡೆಯ ಮುಳುಗಡೆ ಹಳ್ಳಿಯವನು ಎಂದಿಟ್ಟುಕೊಳ್ಳಿ. ಮೊಮ್ಮಕ್ಕಳಿಗೆ ಅವನು ಮುತ್ಯಾ. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್, ಅದರಲ್ಲಿ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಈ ಹಿನ್ನೀರಿಗೆ ಎಷ್ಟೋ ಹಳ್ಳಿಗಳ ಜೊತೆ ಹಳೆಯ ಬಾಗಲಕೋಟೆಯ ಒಂದು ಭಾಗವೂ ಹೋಯಿತು. ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಎದ್ದು ನಡೆದರು. ಮುತ್ಯಾನ ಎರಿ ಹೊಲವೂ ಅದರಲ್ಲಿ ಮುಳುಗಿದೆ. ನೀರು ಏರುವುದನ್ನು ಅವನು ಕಂಡದ್ದು ಹೊಲದ ಬದುವಿನಲ್ಲಿ ಕೋಲು ನೆಟ್ಟು. ಸಂಜೆ ನೆಟ್ಟ ಕೋಲು ಬೆಳಗಿಗೆ ನೀರಿನೊಳಗೆ. ಇಲ್ಲಿಂದ ಮುಂದೆ ಕಥೆಯ ಒಂದೊಂದು ಸಂಗತಿಯೂ ಈ ಕೋಲಿನ ನೆನಪಿಗೆ ತಗಲಿಕೊಂಡೇ ಬರುತ್ತದೆ.

ಗಾಡಿ ನಸುಕಿನಲ್ಲಿ ಬಾಗಲಕೋಟೆ ಬಿಟ್ಟು ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುತ್ತದೆ. ಈ ದಾರಿ ಕಥೆಗಾರನಿಗೆ ದೊಡ್ಡ ಉಪಕಾರ ಮಾಡುತ್ತದೆ. ಅಂಕೋಲೆಯಿಂದ ತೆಂಕಣಕ್ಕೆ ತಿರುಗಿದರೆ ಮುರುಡೇಶ್ವರ ಮುಟ್ಟುವುದರೊಳಗೆ ಮೂರು ನದಿಗಳ ಸೇತುವೆ ದಾಟಬೇಕು: ಗಂಗಾವಳಿ, ಅಘನಾಶಿನಿ, ಶರಾವತಿ. ಮೂರೂ ಅಲ್ಲಿ ಸಮುದ್ರಕ್ಕೆ ಹತ್ತಿರವಾಗಿ ಅಗಲಕ್ಕೆ ಹರಡಿಕೊಂಡಿವೆ.

“ಇದ ಏನೋ ತಮ್ಮಾ ಸಮುದ್ರ?”

“ಅಲ್ಲ ಯಪ್ಪಾ, ಇದು ಹೊಳಿ.”

ಎರಡನೆಯ ಸೇತುವೆಯಲ್ಲೂ ಇದೇ ಪ್ರಶ್ನೆ, ಇದೇ ಉತ್ತರ. ಹೊನ್ನಾವರದ ಶರಾವತಿ ಸೇತುವೆ ಈ ಮೂರರಲ್ಲಿ ಅತ್ಯಂತ ಅಗಲವಾದ ನೀರನ್ನು ತೋರಿಸುತ್ತದೆ. ಅಲ್ಲಿ ಮುತ್ಯಾ ಬಾಯಿ ಬಿಡುವುದಿಲ್ಲ. ಎರಡು ಸಲ ಸೋತವನು ಮೂರನೆಯ ಸಲ ಕೇಳಲಾರ. ಹೀಗೆ ಸಮುದ್ರದ ದರ್ಶನವನ್ನು ಮುಂದೂಡಿದರೆ ಓದುಗನ ಕಾತರ ಬೆಳೆಯುತ್ತದೆ. ಜೊತೆಗೆ ಮುದುಕನ ಸಂಕೋಚವೂ ಗೊತ್ತಾಗುತ್ತದೆ. ಮಗನ ಮುಂದೆ ತಿಳಿಯದವನಂತೆ ಕಾಣಬಾರದೆಂಬ ಆ ಸಂಕೋಚವನ್ನು ಕಥೆಗಾರ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಮೂರನೆಯ ಸೇತುವೆಯ ಮೌನ ಸಾಕು.

ಮುರುಡೇಶ್ವರದಲ್ಲಿ 123 ಅಡಿಯ ಶಿವನ ಮೂರ್ತಿಯಿದೆ, 237 ಅಡಿಯ ರಾಜಗೋಪುರಕ್ಕೆ ಲಿಫ್ಟೂ ಇದೆ. ಮಗ ಮೊದಲು ಲಿಫ್ಟಿಗೆ ಕರೆಯಬಹುದು. ಆದರೆ ಕಥೆಗೆ ಅದು ನಷ್ಟ. ಮೇಲಿನಿಂದ ಕಂಡದ್ದು ಚಿತ್ರ, ಅಂಚಿನಲ್ಲಿ ನಿಂತು ಕಂಡದ್ದು ನೀರು. ಮುತ್ಯಾನನ್ನು ಮರಳಿಗೇ ಇಳಿಸೋಣ.

ಅವನು ಮೊದಲು ಹುಡುಕುವುದು ಆಚೆ ದಂಡೆಯನ್ನು. ಹಿನ್ನೀರು ಎಷ್ಟೇ ಅಗಲವಿರಲಿ, ಅದರಾಚೆ ಜಾಲಿಯ ಸಾಲೋ, ಗುಡ್ಡವೋ, ದೇವಸ್ಥಾನದ ಶಿಖರವೋ ಕಂಡೇ ಕಾಣುತ್ತಿತ್ತು. “ಆ ಕಡಿ ದಂಡಿ ಯಾವ ಊರೋ?” ಎಂದು ಕೇಳುವುದು ಅವನಿಗೆ ಸಹಜ. ನೀರಿನ ಅಂಚಿನಲ್ಲಿ ನಿಂತ ಸಾಧಾರಣ ಎತ್ತರದ ಮನುಷ್ಯನಿಗೆ ಕಡಲು ಮತ್ತು ಆಕಾಶ ಕೂಡುವ ಗೆರೆ ಇರುವುದು ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿ. ಅದಕ್ಕಿಂತ ಆಚೆಯ ನೀರು ಭೂಮಿಯ ಬಾಗಿನಲ್ಲಿ ಮರೆಯಾಗುತ್ತದೆ. ಅಲ್ಲಿಂದ ನೇರ ಪಶ್ಚಿಮಕ್ಕೆ ಹೋದರೆ ಸಿಗುವ ನೆಲ ಯೆಮನ್ ದೇಶದ್ದು, ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಕಾಲೇಜಿಗೆ ಹೋಗುವ ಮೊಮ್ಮಗಳು ಮೊಬೈಲಿನಲ್ಲಿ ನೋಡಿ ಇದನ್ನು ಹೇಳಿಯಾಳು. ಮುತ್ಯಾ ತಲೆಯಾಡಿಸುತ್ತಾನೆ, ಒಪ್ಪಿದನೋ ಇಲ್ಲವೋ ತಿಳಿಯುವುದಿಲ್ಲ.

ಆಮೇಲೆ ಪಾದ. ಈ ಅನುಭವವನ್ನು ಹತ್ತಿರದಿಂದ ಬರೆದ ಕಥೆಗಳು ಕಡಿಮೆ, ಮುದುಕನ ಮೈಗೆ ಸಮುದ್ರ ನಿಜವಾಗುವುದು ಮಾತ್ರ ಇಲ್ಲಿಯೇ. ತೆರೆ ಹಿಂದೆ ಸರಿಯುವಾಗ ನೀರು ಹಿಮ್ಮಡಿಯ ಸುತ್ತ ಬಿರುಸಾಗಿ ಹರಿದು ಅಲ್ಲಿನ ಮರಳನ್ನು ಕೊರೆದು ಒಯ್ಯುತ್ತದೆ. ಹಿಮ್ಮಡಿ ಕುಸಿಯುತ್ತದೆ, ಬೆರಳುಗಳು ಮೇಲೇಳುತ್ತವೆ. ಕಣ್ಣು ಕೆಳಗಿದ್ದರೆ ಇನ್ನೊಂದು ತೊಂದರೆ: ಓಡುವ ನೀರನ್ನು ನೋಡುತ್ತ ನಿಂತವನಿಗೆ ನೀರು ನಿಂತು ತಾನೇ ಜಾರುತ್ತಿರುವ ಭ್ರಮೆ ಹುಟ್ಟುತ್ತದೆ. ನಾವು ಬೀಳದೆ ನಿಲ್ಲುವುದು ಕಣ್ಣು, ಒಳಕಿವಿ, ಅಂಗಾಲಿನ ಸ್ಪರ್ಶ ಈ ಮೂರರ ಬಲದಿಂದ. ವಯಸ್ಸಾದಂತೆ ಮೂರೂ ಸೊರಗುತ್ತವೆ. ಹತ್ತು ವರ್ಷದ ಹುಡುಗನಿಗೆ ನಗು ಬರಿಸುವ ಅದೇ ತೆರೆಗೆ ಎಪ್ಪತ್ತೈದರ ಮುತ್ಯಾ ಮೊಮ್ಮಗನ ಭುಜ ಗಟ್ಟಿಯಾಗಿ ಹಿಡಿಯುತ್ತಾನೆ. ಭಾವುಕತೆಯ ಒಂದು ಶಬ್ದವೂ ಬೇಕಿಲ್ಲ, ಆ ಹಿಡಿತವನ್ನು ಬರೆದರಾಯಿತು.

ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಅವನು “ಉಪ್ಪು” ಎನ್ನುವುದಿಲ್ಲ. ಕಾಲುವೆ ನೀರಾವರಿಯ ಸೀಮೆಯಲ್ಲಿ ಅತಿಯಾಗಿ ನೀರು ನಿಂತ ಹೊಲದಲ್ಲಿ ಲವಣ ಮೇಲೆದ್ದು ಬಿಳಿ ಪದರ ಕಟ್ಟುತ್ತದೆ, ಬೆಳೆ ಏಳುವುದಿಲ್ಲ. ಅದು ಸವಳು. ಅವನ ಬಾಯಿಗೆ ಬರುವ ಮಾತು: “ಎಲ್ಲಾ ಸವಳ ನೀರು. ಇಷ್ಟ ಇದ್ರೂ ಒಂದ ಎಕರೆ ನೆನಸಾಕ ಬರೂದಿಲ್ಲಲ್ಲೋ.” ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಎಂಬ ವಿಜ್ಞಾನದ ಮಾತನ್ನು ಒಬ್ಬ ಒಕ್ಕಲಿಗ ತನ್ನ ರೀತಿಯಲ್ಲಿ ಅಳೆದದ್ದು ಇದು.

ಇನ್ನು ಕಥೆಯ ನಡುವಿನ ಘಟನೆ. ಮನೆಯವರೆಲ್ಲ ನೀರಾಟ ಮುಗಿಸಿ ಊಟಕ್ಕೆ ಹೊರಟಾಗ ಮುತ್ಯಾ ಕದಲುವುದಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಬಂದಾಗ ಒಣಗಿದ್ದ ಮರಳು ಈಗ ತೊಯ್ದಿರುವುದನ್ನು ಅವನು ಕಂಡಿದ್ದಾನೆ. ನೀರು ಏರುತ್ತಿದೆ! ಸಿಕ್ಕ ಒಂದು ಕೋಲನ್ನು ತೊಯ್ದ ಗೆರೆಯ ಮೇಲೆ ನೆಟ್ಟು ಕೂರುತ್ತಾನೆ. “ಮಾವಾರ, ಊಟಕ್ಕ ಬರ್ರಿ” ಎಂದು ಸೊಸೆ ಕರೆಯುತ್ತಾಳೆ. ಅವನು ಕೋಲಿನಿಂದ ಕಣ್ಣು ತೆಗೆಯುವುದಿಲ್ಲ. ಮೊಮ್ಮಕ್ಕಳಿಗೆ ಇದು ಮುದುಕನ ಹಠ. ಮಗನಿಗೆ ಮಾತ್ರ ಆ ಕೋಲು ಏನೆಂದು ಗೊತ್ತು, ಅವನೂ ಪಕ್ಕದಲ್ಲಿ ಕೂರುತ್ತಾನೆ.

ಈ ದೃಶ್ಯ ನಿಲ್ಲಬೇಕಾದರೆ ಲೆಕ್ಕ ಸರಿಯಿರಬೇಕು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಇಳಿತದಿಂದ ಮುಂದಿನ ಉಬ್ಬರಕ್ಕೆ ಆರು ಗಂಟೆಗಿಂತ ತುಸು ಹೆಚ್ಚು. ಅಮಾವಾಸ್ಯೆ, ಹುಣ್ಣಿಮೆಗಳ ಹೊತ್ತಿಗೆ ಉತ್ತರ ಕನ್ನಡದ ದಂಡೆಯಲ್ಲಿ ಹಗಲಿನ ಉಬ್ಬರ ಸಾಮಾನ್ಯವಾಗಿ ನಡುಹಗಲಿನ ಆಸುಪಾಸು ಬರುತ್ತದೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ದೀಪಾವಳಿ ಅಮಾವಾಸ್ಯೆ ಕಳೆದು ಮೂರನೆಯ ದಿನ ಎಂದರೆ ಮಧ್ಯಾಹ್ನ ಎರಡರ ಸುಮಾರಿಗೆ ನೀರು ತುತ್ತತುದಿ ಮುಟ್ಟುತ್ತದೆ. ನೀರಿನ ಮಟ್ಟ ಒಂದು ಮೀಟರ್ ಏರಿದರೂ ಮೂವತ್ತಕ್ಕೆ ಒಂದರಂತೆ ಇಳಿಜಾರಿರುವ ಸಪಾಟು ಮರಳಿನಲ್ಲಿ ಅದರ ಗೆರೆ ಮೂವತ್ತು ಮೀಟರ್ ಮುಂದೆ ಬರುತ್ತದೆ. ಮುತ್ಯಾ ಬೆಚ್ಚಿದ್ದರಲ್ಲಿ ತಪ್ಪಿಲ್ಲ.

ಎರಡು ಗಂಟೆಗೆ ನೀರು ಕೋಲನ್ನು ಸುತ್ತುತ್ತದೆ, ದಾಟುತ್ತದೆ. ಮೂರಕ್ಕೆ ಹಿಂದೆ ಸರಿದಿದೆ. ನಾಲ್ಕೂವರೆಗೆ ಕೋಲಿನಾಚೆ ಮತ್ತೆ ಅಗಲವಾದ ಮರಳು. ಮುತ್ಯಾ ಕೋಲು ಕಿತ್ತು ಮಗನಿಗೆ ಕೊಡುತ್ತಾ ಹೇಳುತ್ತಾನೆ: “ಇದು ಸಂಜೀಕೆ ಬಿಟ್ಟ ಹೊಂಟತು ನೋಡು. ನಮ್ಮ ನೀರು ಬ್ಯಾಸಿಗಿತನಾ ಬಿಡೂದಿಲ್ಲ.” ಆಲಮಟ್ಟಿಯ ಹಿನ್ನೀರು ಮಳೆಗಾಲದಲ್ಲಿ ಏರಿ ಬೇಸಿಗೆಗೆ ಇಳಿಯುತ್ತದೆ, ಅದರ ಉಬ್ಬರ ಇಳಿತ ವರ್ಷಕ್ಕೊಂದೇ. ಕಥೆ ಈ ಮಾತಿಗೆ ನಿಲ್ಲಬೇಕು. ಮುಂದೆ ಒಂದು ಸಾಲು ಬರೆದರೂ ಅದು ಕಥೆಗಾರನ ಭಾಷಣವಾದೀತು.

ಇಂಥ ಕಥೆಯನ್ನು ಕೆಡಿಸುವ ತಪ್ಪುಗಳು ಚಿಕ್ಕವು. ನಮ್ಮ ಕರಾವಳಿಯಲ್ಲಿ ಸೂರ್ಯ ಕಡಲಿನಲ್ಲಿ ಮುಳುಗುತ್ತಾನೆ, ಅಲ್ಲಿಂದ ಹುಟ್ಟುವುದಿಲ್ಲ. ಕಡಲಿನಿಂದ ಏಳುವ ಸೂರ್ಯನನ್ನು ಮುರುಡೇಶ್ವರದಲ್ಲಿ ಬರೆದವನು ಅಲ್ಲಿಗೆ ಹೋಗಿಲ್ಲವೆಂದು ಭಟ್ಕಳದ ಹುಡುಗನೂ ಹೇಳುತ್ತಾನೆ. ಜುಲೈ ತಿಂಗಳಿನಲ್ಲಿ ಕುಟುಂಬವನ್ನು ನೀರಿಗಿಳಿಸುವುದೂ ಹಾಗೆಯೇ, ಆ ತಿಂಗಳ ಅರಬ್ಬೀ ಸಮುದ್ರಕ್ಕೆ ಮೀನುಗಾರರ ಯಾಂತ್ರಿಕ ದೋಣಿಗಳೇ ಇಳಿಯುವುದಿಲ್ಲ. ಇನ್ನೊಂದು ಸೂಕ್ಷ್ಮ: “ನಮ್ಮ ಕೃಷ್ಣಾನೂ ಇಲ್ಲಿಗೇ ಬಂದಾಳೇನು?” ಎಂದು ಮುತ್ಯಾ ಕೇಳಬಹುದು, ಹೌದೆಂದು ಕಥೆಗಾರ ಒಪ್ಪಬಾರದು. ಕೃಷ್ಣೆ ಹುಟ್ಟುವ ಮಹಾಬಳೇಶ್ವರ ಈ ಕಡಲಿಗೆ ನೂರು ಕಿಲೋಮೀಟರಿನೊಳಗೇ ಇದೆ, ಆದರೂ ಅವಳು ಪೂರ್ವಕ್ಕೆ ತಿರುಗಿ ಸುಮಾರು 1,400 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ. ಮುತ್ಯಾನ ಹೊಲ ಮುಳುಗಿಸಿದ ನೀರಿನ ಒಂದು ಹನಿಯೂ ನದಿಯಾಗಿ ಇಲ್ಲಿಗೆ ಬರುವುದಿಲ್ಲ. ಮಗ ಇದನ್ನು ಹೇಳಿದರೆ ಮುದುಕನಿಗೆ ನಿರಾಳವೋ ನಿರಾಸೆಯೋ ಎಂಬುದೇ ಇನ್ನೊಂದು ಕಥೆಯ ಬೀಜ.

ಕಥೆ ಬರೆಯುವ ಮನಸ್ಸಿರುವವರು ಈ ಸಲದ ರಜೆಯಲ್ಲಿ ಮನೆಯ ಹಿರಿಯರನ್ನು ಕಡಲಿಗೆ ಕರೆದೊಯ್ಯುವ ಮೊದಲು ಅವರು ಕಂಡ ನೀರಿನ ಬಗ್ಗೆ ಕೇಳಿ: ಕೆರೆ ಒಡೆದದ್ದು, ಹೊಳೆ ಬಂದದ್ದು, ಬಾವಿ ಬತ್ತಿದ್ದು. ಹೊರಡುವ ದಿನದ ತಿಥಿಯನ್ನು ಪಂಚಾಂಗದಲ್ಲಿ, ಉಬ್ಬರದ ಗಂಟೆಯನ್ನು ಭರತ ಇಳಿತದ ವೇಳಾಪಟ್ಟಿಯಲ್ಲಿ ನೋಡಿಕೊಳ್ಳಿ. ದಂಡೆಯಲ್ಲಿ ಅವರಿಗೆ ಏನನ್ನೂ ವಿವರಿಸಲು ಹೋಗಬೇಡಿ, ಅವರು ಮೊದಲು ಕೇಳುವ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ.