ಸ್ಲೈಡನ್ನು ಕಿವಿಯಲ್ಲಿ ಓದುವವರಿಗೆ

ಡೆಂಗಿ ಜ್ವರ ಬಂದವರಿಗೆ ಏನು ಕೊಡಬಹುದು, ಏನು ಕೊಡಬಾರದು ಎಂದು ತಿಳಿಸುವ ಒಂದು ಸ್ಲೈಡ್ ಇದೆ ಎಂದುಕೊಳ್ಳಿ. ಎಡಗಡೆ ಹಸಿರು ಪಟ್ಟಿ, ಅದರ ತಲೆಯ ಮೇಲೆ ‘ಕೊಡಬಹುದು’. ಬಲಗಡೆ ಕೆಂಪು ಪಟ್ಟಿ, ‘ಕೊಡಬಾರದು’. ಹಸಿರಿನ ಕೆಳಗೆ ಪ್ಯಾರಾಸಿಟಮಾಲ್, ಓಆರ್‌ಎಸ್, ಎಳನೀರು. ಕೆಂಪಿನ ಕೆಳಗೆ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್. ಕಣ್ಣಿಗೆ ಇದು ಕ್ಷಣದಲ್ಲಿ ಅರ್ಥವಾಗುತ್ತದೆ. ಅದೇ ಸ್ಲೈಡನ್ನು ಕಣ್ಣು ಕಾಣದವರೊಬ್ಬರು ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಹಚ್ಚಿ ಕೇಳಿದರೆ ಹೀಗೆ ಕೇಳಿಸಬಹುದು: “ಪ್ಯಾರಾಸಿಟಮಾಲ್ ಓಆರ್‌ಎಸ್ ಎಳನೀರು ಆಸ್ಪಿರಿನ್ ಐಬುಪ್ರೊಫೇನ್ ಡೈಕ್ಲೊಫೆನಾಕ್ ಕೊಡಬಹುದು ಕೊಡಬಾರದು.”

ಪದಗಳೆಲ್ಲ ಇವೆ, ಒಂದೂ ತಪ್ಪಿಲ್ಲ. ಆದರೆ ರಕ್ತಸ್ರಾವದ ಅಪಾಯ ಹೆಚ್ಚಿಸುವ ಆಸ್ಪಿರಿನ್ ಕೊಡಬೇಕೋ ಬಾರದೋ ಎಂಬುದು ಮಾತ್ರ ಈ ಸಾಲಿನಿಂದ ತಿಳಿಯುವುದಿಲ್ಲ.

ಹೀಗಾಗುವುದಕ್ಕೆ ಕಾರಣ ಸರಳ. ಸ್ಕ್ರೀನ್ ರೀಡರ್‌ಗೆ ಎಡ, ಬಲ, ಹಸಿರು, ಕೆಂಪು ಯಾವುದೂ ಮುಖ್ಯವಲ್ಲ. ಸ್ಲೈಡಿನ ಮೇಲಿರುವ ಪೆಟ್ಟಿಗೆಗಳು ಕಡತದಲ್ಲಿ ಯಾವ ಸರದಿಯಲ್ಲಿವೆಯೋ ಆ ಸರದಿಯಲ್ಲೇ ಅದು ಓದುತ್ತದೆ. ಪವರ್‌ಪಾಯಿಂಟ್‌ನಲ್ಲಿ ಆ ಸರದಿ ಸಾಮಾನ್ಯವಾಗಿ ನಾವು ಪೆಟ್ಟಿಗೆಗಳನ್ನು ಇಟ್ಟ ಸರದಿ. ಮೊದಲು ಔಷಧಿಗಳ ಹೆಸರು ಟೈಪ್ ಮಾಡಿ, ಆಮೇಲೆ ‘ತಲೆಬರಹ ಬೇಕಲ್ಲ’ ಎಂದು ಎರಡು ಬಣ್ಣದ ಪಟ್ಟಿಗಳನ್ನು ತಂದಿಟ್ಟರೆ, ಕಣ್ಣಿಗೆ ಅವು ಮೇಲೆ ಕಂಡರೂ ಕಿವಿಗೆ ಕೊನೆಗೆ ಬರುತ್ತವೆ.

ಸರಿಪಡಿಸಲು ಹೆಚ್ಚು ಹೊತ್ತು ಬೇಡ. ಪವರ್‌ಪಾಯಿಂಟ್‌ನ ಈಚಿನ ಆವೃತ್ತಿಗಳಲ್ಲಿ `Review` ಟ್ಯಾಬಿನ `Check Accessibility` ಒಳಗೆ `Reading Order Pane` ಇದೆ. ಸ್ಲೈಡಿನ ಪ್ರತಿ ವಸ್ತುವೂ ಅಲ್ಲಿ ಓದುವ ಸರದಿಯಲ್ಲಿ ಮೇಲಿನಿಂದ ಕೆಳಕ್ಕೆ ಕಾಣುತ್ತದೆ. ಎಳೆದು ಹಿಂದೆ ಮುಂದೆ ಮಾಡಬಹುದು. ಹಳೆಯ ಆವೃತ್ತಿಯವರು `Alt+F10` ಒತ್ತಿ `Selection Pane` ತೆರೆಯಬೇಕು. ಅಲ್ಲಿ ಎಡವುವವರು ಬಹಳ, ಏಕೆಂದರೆ ಆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿರುವುದು ಮೊದಲು ಕೇಳಿಸುತ್ತದೆ, ತುದಿಯಲ್ಲಿರುವುದು ಕೊನೆಗೆ. ನಮ್ಮ ಸ್ಲೈಡಿಗೆ ಬೇಕಾದ ಸರದಿ ಇದು: ಶೀರ್ಷಿಕೆ, ‘ಕೊಡಬಹುದು’, ಅದರ ಮೂರು ಹೆಸರು, ‘ಕೊಡಬಾರದು’, ಅದರ ಮೂರು ಹೆಸರು, ಕೊನೆಗೆ ವೈದ್ಯರನ್ನು ಕೇಳಿಯೇ ಕೊಡಿ ಎಂಬ ಸಾಲು. ಒಂದು ಎಚ್ಚರಿಕೆ: ಈ ಸರದಿಯೇ ಯಾವುದರ ಮೇಲೆ ಯಾವುದು ಕೂತಿದೆ ಎಂಬುದನ್ನೂ ತೀರ್ಮಾನಿಸುತ್ತದೆ. ಹಿನ್ನೆಲೆಯ ಬಣ್ಣದ ಚೌಕವನ್ನು ಸರದಿಯ ಕೊನೆಗೆ ಹಾಕಿದರೆ ಅದು ಅಕ್ಷರಗಳನ್ನು ಮುಚ್ಚಿಬಿಡುತ್ತದೆ. ಹಿನ್ನೆಲೆ ಯಾವಾಗಲೂ ಮೊದಲೇ ಇರಲಿ.

ಶೀರ್ಷಿಕೆಯ ಬಗ್ಗೆಯೂ ಒಂದು ಮಾತು. ಚೆಂದ ಕಾಣಲೆಂದು ಶೀರ್ಷಿಕೆಗೆ ಮೀಸಲಾದ ಪೆಟ್ಟಿಗೆಯನ್ನು ಅಳಿಸಿ, ಬೇರೆ ಟೆಕ್ಸ್ಟ್ ಬಾಕ್ಸಿನಲ್ಲಿ ದಪ್ಪಕ್ಷರ ಬರೆಯುವುದು ರೂಢಿ. ನೋಡಲು ಅದೂ ಶೀರ್ಷಿಕೆಯೇ. ಆದರೆ ಸ್ಕ್ರೀನ್ ರೀಡರ್‌ಗೆ ಅದು ಇನ್ನೊಂದು ಸಾಲು ಅಷ್ಟೆ. ಯಾವ ಸ್ಲೈಡಿನಲ್ಲಿದ್ದೇನೆ ಎಂದು ಹುಡುಕುವವರಿಗೆ ಹಿಡಿ ಸಿಗುವುದಿಲ್ಲ. ಮೀಸಲು ಪೆಟ್ಟಿಗೆಯಲ್ಲೇ ಬರೆಯಿರಿ, ಪ್ರತಿ ಸ್ಲೈಡಿಗೂ ಬೇರೆ ಬೇರೆ ಶೀರ್ಷಿಕೆ ಕೊಡಿ. ಆರು ಸ್ಲೈಡಿಗೂ ‘ಡೆಂಗಿ ಜಾಗೃತಿ’ ಎಂದೇ ಇದ್ದರೆ ಶೀರ್ಷಿಕೆ ಇದ್ದೂ ಇಲ್ಲದಂತೆ.

ಇನ್ನು ಚಿತ್ರಗಳು. ಎರಡನೇ ಸ್ಲೈಡಿನಲ್ಲಿ ಸೊಳ್ಳೆ ಎಲ್ಲಿ ಮೊಟ್ಟೆಯಿಡುತ್ತದೆ ಎಂದು ತೋರಿಸುವ ಫೋಟೊ ಇದೆ ಎನ್ನೋಣ. ಅದಕ್ಕೆ ನಾವು ಬರೆದು ಸೇರಿಸುವ ವಿವರಣೆಯೇ ಆಲ್ಟ್ ಪಠ್ಯ. ಪರದೆಯ ಮೇಲೆ ಅದು ಕಾಣುವುದಿಲ್ಲ, ಸ್ಕ್ರೀನ್ ರೀಡರ್ ಮಾತ್ರ ಓದುತ್ತದೆ. ‘ಸೊಳ್ಳೆಯ ಫೋಟೊ’ ಎಂದು ಬರೆದರೆ ಕೇಳುವವರಿಗೆ ಏನೂ ಸಿಕ್ಕಂತಾಗಲಿಲ್ಲ. ಫೋಟೊ ಆ ಸ್ಲೈಡಿನಲ್ಲಿ ಯಾಕಿದೆ ಎಂಬುದನ್ನು ಬರೆಯಬೇಕು: “ಹಿತ್ತಲಲ್ಲಿ ಬಿದ್ದ ಹಳೆಯ ಟೈರಿನೊಳಗೆ ತಿಳಿ ಮಳೆನೀರು ನಿಂತಿದೆ. ನೀರಿನಲ್ಲಿ ಸೊಳ್ಳೆಮರಿಗಳು ತೇಲುತ್ತಿವೆ.” ಡೆಂಗಿ ಹರಡುವ ಈಡಿಸ್ ಸೊಳ್ಳೆ ಬೆಳೆಯುವುದು ತಿಳಿನೀರಿನಲ್ಲಿ ಎಂಬ ವಿಷಯ ಈ ಎರಡು ಸಾಲಿನಲ್ಲೇ ಬಂತು. ಟೈರಿನ ಪಕ್ಕದ ಬೇಲಿ, ಹಿಂದಿನ ಗೋಡೆಯ ಬಣ್ಣ ಬೇಕಿಲ್ಲ. ‘ಚಿತ್ರದಲ್ಲಿ’ ಎಂದು ಶುರು ಮಾಡುವುದೂ ಬೇಡ, ಅದು ಚಿತ್ರ ಎಂದು ಸ್ಕ್ರೀನ್ ರೀಡರ್ ತಾನೇ ಹೇಳುತ್ತದೆ. ಇಂಥ ಫೋಟೊಗೆ ಒಂದೆರಡು ವಾಕ್ಯ ಸಾಕು.

ಎಲ್ಲ ಚಿತ್ರಕ್ಕೂ ವಿವರಣೆ ಬೇಕೆಂದಿಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. ‘ವಾಂತಿ ನಿಲ್ಲುತ್ತಿಲ್ಲ’ ಎಂಬ ಬರಹದ ಪಕ್ಕ ವಾಂತಿಯ ಪುಟ್ಟ ಐಕಾನ್ ಇದ್ದರೆ ಅದಕ್ಕೂ ‘ವಾಂತಿ’ ಎಂದು ಬರೆದರೆ ಒಂದೇ ಮಾತು ಎರಡು ಸಲ ಕೇಳಿಸುತ್ತದೆ. ಮೂಲೆಯ ಹೂಬಳ್ಳಿ, ಅಡ್ಡಗೆರೆ, ‘ಮುಂದೆ ಸರಿಸಿ’ ಎನ್ನುವ ಬಾಣ, ಇಂಥವಕ್ಕೆಲ್ಲ `Mark as decorative` ಗುರುತು ಹಾಕಿದರೆ ಅವನ್ನು ಓದದೆ ದಾಟಬೇಕೆಂಬ ಸೂಚನೆ ಸ್ಕ್ರೀನ್ ರೀಡರ್‌ಗೆ ಸಿಗುತ್ತದೆ. ಬರಹ ಹೇಳದಿರುವುದನ್ನು ಚಿತ್ರ ಹೇಳುತ್ತಿದೆಯೇ? ಹೇಳುತ್ತಿದ್ದರೆ ಬರೆಯಿರಿ, ಇಲ್ಲದಿದ್ದರೆ ಬಿಡಿ.

ಇಲ್ಲಿಯವರೆಗೆ ಹೇಳಿದ್ದು ಸ್ಲೈಡು ಸ್ಲೈಡಾಗಿಯೇ ಇರುವಾಗಿನ ಮಾತು. ಇನ್‌ಸ್ಟಾಗ್ರಾಮ್‌ಗೆ ಹಾಕಲು ಅದನ್ನು ಚಿತ್ರವಾಗಿ ಉಳಿಸಿದ ಕೂಡಲೇ ಅಷ್ಟೂ ಶ್ರಮ ಅಳಿಸಿಹೋಗುತ್ತದೆ. ಅಕ್ಷರಗಳು ಬಣ್ಣದ ಚುಕ್ಕೆಗಳಾಗುತ್ತವೆ, ಸರದಿ ಎಂಬುದೇ ಉಳಿಯುವುದಿಲ್ಲ. ಆಗ ಆಲ್ಟ್ ಪಠ್ಯವೇ ಇಡೀ ಸ್ಲೈಡು. ಫೋಟೊಗೆ ಒಂದೆರಡು ವಾಕ್ಯ ಸಾಕೆಂದೆನಲ್ಲ, ಆ ಮಾತು ಇಲ್ಲಿ ನಡೆಯುವುದಿಲ್ಲ. ಸ್ಲೈಡಿನ ಮೇಲಿರುವ ಪ್ರತಿ ಮಾತೂ ಆಲ್ಟ್ ಪಠ್ಯದಲ್ಲಿ ಅದೇ ಸರದಿಯಲ್ಲಿ ಇರಬೇಕು. ನಮ್ಮ ಔಷಧಿಯ ಸ್ಲೈಡಿಗೆ ನಾನಾದರೆ ಹೀಗೆ ಬರೆಯುತ್ತೇನೆ:

“ಡೆಂಗಿ ಜ್ವರಕ್ಕೆ ಏನು ಕೊಡಬಹುದು? ಕೊಡಬಹುದಾದ್ದು ಮೂರು: ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್, ಓಆರ್‌ಎಸ್, ಎಳನೀರು. ಕೊಡಬಾರದ್ದು ಮೂರು: ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್. ಇವು ರಕ್ತಸ್ರಾವ ಹೆಚ್ಚಿಸಬಹುದು. ಸಂದೇಹವಿದ್ದರೆ 1 0 4 ಸಹಾಯವಾಣಿಗೆ ಕರೆ ಮಾಡಿ.”

ಇದರಲ್ಲಿ ಮೂರು ಸಂಗತಿ ಗಮನಿಸಿ. ಹಸಿರು ಟಿಕ್, ಕೆಂಪು ಇಂಟು ಗುರುತುಗಳ ಬದಲು ಮಾತೇ ಬಂದಿದೆ, ಏಕೆಂದರೆ ಆ ಗುರುತುಗಳನ್ನು ಕೆಲವು ಧ್ವನಿಗಳು ಇಂಗ್ಲಿಷಿನಲ್ಲಿ ಓದುತ್ತವೆ, ಕೆಲವು ಓದುವುದೇ ಇಲ್ಲ. ಪಟ್ಟಿ ಶುರುವಾಗುವ ಮೊದಲೇ ‘ಮೂರು’ ಎಂದು ಹೇಳಿದ್ದರಿಂದ ಎಲ್ಲಿ ಮುಗಿಯುತ್ತದೆ ಎಂದು ಕಿವಿಗೆ ಗೊತ್ತಿರುತ್ತದೆ. ಮತ್ತೆ ಪೂರ್ಣವಿರಾಮ, ಅಲ್ಪವಿರಾಮಗಳು ಇವೆ. ಕಣ್ಣಿಗೆ ಸಾಲು ಮುರಿದದ್ದು ಕಾಣುತ್ತದೆ. ಧ್ವನಿ ನಿಲ್ಲುವುದು ಈ ಗುರುತು ಕಂಡಾಗ ಮಾತ್ರ. 104ರ ಅಂಕಿಗಳ ನಡುವೆ ಜಾಗ ಬಿಟ್ಟದ್ದೂ ಅದಕ್ಕೇ. ಬಿಡಿಸಿ ಬರೆದರೆ ಒಂದು, ಸೊನ್ನೆ, ನಾಲ್ಕು ಎಂದು ಕೇಳಿಸುತ್ತದೆ, ಒತ್ತಲು ಸುಲಭ.

ಇನ್‌ಸ್ಟಾಗ್ರಾಮ್‌ನಲ್ಲಿ 2018ರಿಂದ ಆಲ್ಟ್ ಪಠ್ಯ ಬರೆಯುವ ಸೌಲಭ್ಯವಿದೆ. ಹಂಚಿಕೊಳ್ಳುವ ಮುನ್ನ ಬರುವ ಕೊನೆಯ ಪುಟದ ಹೆಚ್ಚಿನ ಸೆಟ್ಟಿಂಗ್‌ಗಳಲ್ಲಿ ಅದು ಸಿಗುತ್ತದೆ. ಆರು ಚಿತ್ರ ಆರಿಸಿದ್ದರೆ ಆರು ಖಾಲಿ ಜಾಗ ಕಾಣುತ್ತವೆ. ಮೊದಲನೆಯದನ್ನು ಮಾತ್ರ ತುಂಬಿ ಕೈಬಿಡುವುದು ತೀರಾ ಸಾಮಾನ್ಯ. ಆಗ ಉಳಿದ ಐದಕ್ಕೆ ಆ್ಯಪ್ ತಾನಾಗಿ ಊಹಿಸಿದ ವಿವರಣೆ ಬರುತ್ತದೆ, ‘ಪಠ್ಯವಿರುವ ಚಿತ್ರ ಇರಬಹುದು’ ಎಂಬಷ್ಟೇ ಅರ್ಥದ್ದು. ಏನೋ ಬರೆದಿದೆಯಂತೆ, ಏನೆಂದು ಗೊತ್ತಿಲ್ಲ. ಕೇಳುವವರಿಗೆ ಇದಕ್ಕಿಂತ ಬೇಸರದ ಉತ್ತರ ಬೇರೆಯಿಲ್ಲ.

ಸ್ಲೈಡಿನಿಂದ ಸ್ಲೈಡಿಗೆ ಹೋಗುವುದಕ್ಕೂ ಕಿವಿಯ ದಾರಿ ಬೇರೆ. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್‌ನಲ್ಲಿ ಎರಡು ಬೆರಳಿನಿಂದ, ಐಫೋನಿನ ವಾಯ್ಸ್‌ಓವರ್‌ನಲ್ಲಿ ಮೂರು ಬೆರಳಿನಿಂದ ಸರಿಸಬೇಕು. ಹಿಂದೆ ಹೋಗಿ ಹುಡುಕುವುದು ಕಷ್ಟ. ಹೀಗಾಗಿ ಮೂರನೇ ಸ್ಲೈಡಿನಲ್ಲಿ ಅರ್ಧ ವಾಕ್ಯ ಬಿಟ್ಟು ನಾಲ್ಕರಲ್ಲಿ ಮುಗಿಸುವ ಚಮತ್ಕಾರ, ಎರಡು ಸ್ಲೈಡಿಗೆ ಹರಡಿದ ಒಂದೇ ಚಿತ್ರ ಇವೆಲ್ಲ ಕೇಳುವವರನ್ನು ನಡುದಾರಿಯಲ್ಲಿ ನಿಲ್ಲಿಸುತ್ತವೆ. ಪ್ರತಿ ಸ್ಲೈಡೂ ತನ್ನ ಮಾತನ್ನು ತಾನೇ ಮುಗಿಸಲಿ.

ಸ್ಲೈಡುಗಳನ್ನು ಪಿಡಿಎಫ್ ಮಾಡಿ ಕಳಿಸುವವರಿಗೆ ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಪಿಡಿಎಫ್ ಉಳಿಸುವಾಗ `Options` ಒಳಗೆ `Document structure tags for accessibility` ಗುರುತು ಹಾಕಿದ್ದರೆ ಸರದಿ, ಆಲ್ಟ್ ಪಠ್ಯ ಎರಡೂ ಜೊತೆಗೆ ಹೋಗುತ್ತವೆ. ಪ್ರಿಂಟ್ ಕೊಟ್ಟು ಪಿಡಿಎಫ್ ಮಾಡಿದರೆ ಹೋಗುವುದಿಲ್ಲ. ಅಷ್ಟೂ ಸರಿಯಾಗಿ ಮಾಡಿದರೂ ಅಕ್ಷರ ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿದ್ದರೆ ಎಲ್ಲವೂ ವ್ಯರ್ಥ. ಪರದೆಯ ಮೇಲೆ ‘ಕನ್ನಡ’ ಎಂದು ಕಾಣುವುದು ಕಡತದೊಳಗೆ `PÀ£ÀßqÀ` ಎಂದಿರುತ್ತದೆ, ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ. ಪತ್ತೆ ಮಾಡುವುದು ಸುಲಭ: ಪಿಡಿಎಫ್‌ನಿಂದ ಒಂದು ಪ್ಯಾರಾ ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಅಲ್ಲಿ ಕನ್ನಡ ಕನ್ನಡವಾಗಿ ಬಂದರೆ ಕಿವಿಗೂ ಹಾಗೇ ಬರುತ್ತದೆ. ಯುನಿಕೋಡ್ ಬಳಸಿದಾಗಲೂ ಕೆಲವೊಮ್ಮೆ ಪಿಡಿಎಫ್‌ನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಹಾಗಾದರೆ ಪಿಡಿಎಫ್ ಜೊತೆಗೆ ಮೂಲ ಪವರ್‌ಪಾಯಿಂಟ್ ಕಡತವನ್ನೋ ಬರೀ ಬರಹವನ್ನೋ ಕೊಡಿ. ವಾಟ್ಸ್ಆ್ಯಪ್ ಗುಂಪುಗಳಿಗೂ ಇದೇ ಉಪಾಯ. ಚಿತ್ರವನ್ನು ಇಳಿಸಿಕೊಂಡು ಅಲ್ಲಿಗೆ ಕಳಿಸಿದಾಗ ಇನ್‌ಸ್ಟಾಗ್ರಾಮ್‌ನಲ್ಲಿ ಬರೆದ ಆಲ್ಟ್ ಪಠ್ಯ ಹಿಂದೆಯೇ ಉಳಿಯುತ್ತದೆ, ಆದ್ದರಿಂದ ಅದನ್ನೇ ಕೆಳಗೆ ಸಂದೇಶವಾಗಿ ಹಾಕಬೇಕು.

ಎಲ್ಲ ಮುಗಿದ ಮೇಲೆ ಒಮ್ಮೆ ಕೇಳಿ ನೋಡಬೇಕು. ಪವರ್‌ಪಾಯಿಂಟ್‌ನ ತಪಾಸಣೆ ಆಲ್ಟ್ ಪಠ್ಯ ಇಲ್ಲದ್ದನ್ನು ಹಿಡಿಯುತ್ತದೆ, ಆದರೆ ‘ಸೊಳ್ಳೆಯ ಫೋಟೊ’ ಎಂದು ಬರೆದಿದ್ದರೆ ಸುಮ್ಮನಿರುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಅದರ `Speech Viewer` ತೆರೆದರೆ ಆಡುತ್ತಿರುವ ಮಾತೆಲ್ಲ ಅಕ್ಷರದಲ್ಲೂ ಕಾಣುತ್ತದೆ. ಸ್ಲೈಡನ್ನು ನೋಡಿರದ ಒಬ್ಬರಿಗೆ ಬರೀ ಧ್ವನಿ ಕೇಳಿಸಿ, ಯಾವ ಮಾತ್ರೆ ಕೊಡಬಾರದು ಎಂದು ಕೇಳಿ. ಮೂರೂ ಹೆಸರು ಹೇಳಿದರೆ ಸರದಿ ಸರಿಯಿದೆ. ದಿನವೂ ಸ್ಕ್ರೀನ್ ರೀಡರ್ ಬಳಸುವವರು ಪರಿಚಯವಿದ್ದರೆ ಅವರನ್ನೇ ಕೇಳುವುದು ಎಲ್ಲಕ್ಕಿಂತ ಒಳ್ಳೆಯದು.

ಡಿಜಿಟಲ್ ಸೇವೆಗಳ ಲಭ್ಯತೆ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಇಲಾಖೆ, ಆಸ್ಪತ್ರೆ, ಶಾಲೆಗಳ ಪುಟಗಳನ್ನು ನೋಡಿಕೊಳ್ಳುವವರಲ್ಲಿ ಒಂದು ವಿನಂತಿ. ಇನ್‌ಸ್ಟಾಗ್ರಾಮ್‌ನಲ್ಲಿ ಈಗಾಗಲೇ ಹಾಕಿದ ಪೋಸ್ಟಿಗೂ ತಿದ್ದುಪಡಿಯ ಮೂಲಕ ಆಲ್ಟ್ ಪಠ್ಯ ಸೇರಿಸಬಹುದು. ಹಳೆಯದೆಲ್ಲವನ್ನೂ ಒಮ್ಮೆಲೇ ಮಾಡಲಾಗದಿದ್ದರೆ ಔಷಧಿ, ದೂರವಾಣಿ ಸಂಖ್ಯೆ, ಕೊನೆಯ ದಿನಾಂಕ ಇರುವ ಸ್ಲೈಡುಗಳನ್ನು ಮೊದಲು ಆರಿಸಿಕೊಳ್ಳಿ.