ತಿದ್ದಿದ ಫೋಟೊದ ಚರಿತ್ರೆ

ಡಿಜಿಟಲ್ ಫೋಟೊದ ಫೈಲಿನಲ್ಲಿ ಚಿತ್ರದ ಜೊತೆಗೆ ಒಂದಷ್ಟು ಬರಹವೂ ಇರುತ್ತದೆ. ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಹೊತ್ತಿಗೆ, ಕೆಲವೊಮ್ಮೆ ಯಾವ ಜಾಗ ಎಂಬುದನ್ನು ಕ್ಯಾಮೆರಾ ತಾನೇ ಬರೆದಿಡುತ್ತದೆ. ಫೋಟೊಶಾಪ್‌ನಂಥ ತಂತ್ರಾಂಶಗಳು ಅದಕ್ಕೆ ತಮ್ಮ ಹೆಸರನ್ನೂ ಸೇವ್ ಮಾಡಿದ ಸಮಯವನ್ನೂ ಸೇರಿಸುತ್ತವೆ. ಇದೇ ಮೆಟಾಡೇಟಾ. ಈ ಬರಹಕ್ಕೆ ಬೀಗವಿಲ್ಲ. exiftool ಎಂಬ ಉಚಿತ ಸಾಧನವನ್ನು ಬಳಸಲು ಬಲ್ಲ ಯಾರೇ ಆದರೂ ದಿನಾಂಕ ಬದಲಿಸಬಹುದು, ಕ್ಯಾಮೆರಾದ ಹೆಸರು ತಿದ್ದಬಹುದು, ಬೇಕಾದರೆ ಎಲ್ಲವನ್ನೂ ಅಳಿಸಿಬಿಡಬಹುದು.

ಇಂಥ ಬರಹ ಎಷ್ಟು ಹೇಳುತ್ತದೆ, ಎಲ್ಲಿಗೆ ನಿಂತುಬಿಡುತ್ತದೆ ಎಂಬುದು 2024ರ ಮಾರ್ಚ್ 10ರಂದು ಜಗತ್ತಿಗೆಲ್ಲ ಕಂಡಿತು. ಬ್ರಿಟನ್ನಿನ ತಾಯಂದಿರ ದಿನದಂದು ಕೆನ್ಸಿಂಗ್ಟನ್ ಅರಮನೆ ರಾಜಕುಮಾರಿ ಕೇಟ್ ಮತ್ತು ಅವರ ಮೂವರು ಮಕ್ಕಳ ಫೋಟೊವೊಂದನ್ನು ಹೊರಬಿಟ್ಟಿತು. ಮಗಳ ಸ್ವೆಟರಿನ ತೋಳಿನ ಅಂಚು ಒಂದೆಡೆ ಇದ್ದಕ್ಕಿದ್ದಂತೆ ಮಾಯವಾಗಿತ್ತು. ಅಸೋಸಿಯೇಟೆಡ್ ಪ್ರೆಸ್ ಸೇರಿದಂತೆ ದೊಡ್ಡ ಸುದ್ದಿಸಂಸ್ಥೆಗಳು ಅದೇ ದಿನ ಚಿತ್ರವನ್ನು ಹಿಂಪಡೆದವು. ಪತ್ರಕರ್ತರು ಮೆಟಾಡೇಟಾ ತೆರೆದಾಗ ಫೋಟೊವನ್ನು ಫೋಟೊಶಾಪ್‌ನಲ್ಲಿ ಎರಡು ಸಲ ಸೇವ್ ಮಾಡಿದ್ದು ಗೊತ್ತಾಯಿತು. ತಿದ್ದಿದ್ದು ತಾವೇ ಎಂದು ಮರುದಿನ ಕೇಟ್ ಒಪ್ಪಿಕೊಂಡು ಕ್ಷಮೆ ಕೇಳಿದರು. ಆದರೆ ಏನನ್ನು ತಿದ್ದಲಾಗಿತ್ತು? ಎರಡು ಫೋಟೊಗಳನ್ನು ಕೂಡಿಸಲಾಗಿತ್ತೇ, ಬಣ್ಣ ಮಾತ್ರ ಸರಿಪಡಿಸಲಾಗಿತ್ತೇ? ಫೈಲಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆ ಖಾಲಿ ಜಾಗವನ್ನು ವಾರಗಟ್ಟಲೆ ಊಹಾಪೋಹ ತುಂಬಿತು.

ಈ ಕೊರತೆಯನ್ನು ನೀಗಿಸಲು ರೂಪುಗೊಂಡ ಮಾನದಂಡಕ್ಕೆ ಸಿ2ಪಿಎ ಎಂದು ಹೆಸರು. ಅಡೋಬಿ, ಮೈಕ್ರೋಸಾಫ್ಟ್, ಬಿಬಿಸಿ, ಇಂಟೆಲ್, ಆರ್ಮ್ ಮತ್ತು ಟ್ರೂಪಿಕ್ ಸೇರಿ 2021ರಲ್ಲಿ ಅದರ ಕೂಟ ಕಟ್ಟಿದವು. ಜನರ ಮುಂದೆ ಅದು ಬರುವುದು 'ಕಂಟೆಂಟ್ ಕ್ರೆಡೆನ್ಷಿಯಲ್ಸ್' ಎಂಬ ಹೆಸರಿನಲ್ಲಿ. ಇದನ್ನು ಜಮೀನಿನ ಋಣಭಾರ ಪತ್ರಕ್ಕೆ ಹೋಲಿಸಬಹುದು: ಯಾರಿಂದ ಯಾರಿಗೆ, ಯಾವಾಗ, ಏನಾಯಿತು ಎಂಬುದು ಅಲ್ಲಿ ಸಾಲಾಗಿ ಸಿಗುತ್ತದೆ, ಕೊಟ್ಟವರು ತೆಗೆದುಕೊಂಡವರು ಪ್ರಾಮಾಣಿಕರೇ ಎಂಬುದು ಸಿಗುವುದಿಲ್ಲ.

ಅರಮನೆಯ ಫೋಟೊದಂಥದ್ದೇ ಒಂದು ಚಿತ್ರ ಈ ದಾರಿಯಲ್ಲಿ ಬಂದಿದ್ದರೆ ಏನಾಗುತ್ತಿತ್ತು ಎಂದು ನೋಡಿದರೆ ವ್ಯವಸ್ಥೆ ಅರ್ಥವಾಗುತ್ತದೆ. ಮೊದಲ ಹೆಜ್ಜೆ ಕ್ಯಾಮೆರಾದಲ್ಲೇ. 2023ರ ಅಕ್ಟೋಬರಿನಲ್ಲಿ ಬಂದ ಲೈಕಾ ಎಂ11-ಪಿ ಈ ಸೌಲಭ್ಯವನ್ನು ಒಳಗೇ ಹೊಂದಿದ್ದ ಮೊದಲ ಕ್ಯಾಮೆರಾ. ಚಿತ್ರ ತೆಗೆದ ಕೂಡಲೇ ಕ್ಯಾಮೆರಾ ಅದರ ಮಾಹಿತಿಯಿಂದ ಹ್ಯಾಶ್ ಎಂಬ ಗಣಿತದ ಗುರುತೊಂದನ್ನು ಲೆಕ್ಕ ಹಾಕುತ್ತದೆ. ಚಿತ್ರದ ಒಂದೇ ಒಂದು ಚುಕ್ಕೆ ಬದಲಾದರೂ ಈ ಗುರುತು ಪೂರ್ತಿ ಬೇರೆಯಾಗುತ್ತದೆ. ಈ ಹ್ಯಾಶ್ ಮತ್ತು ಇತರ ವಿವರಗಳನ್ನು ಒಂದು ಕಟ್ಟಾಗಿ ಮಾಡಿ, ಕ್ಯಾಮೆರಾ ತನ್ನ ಗುಪ್ತ ಕೀಲಿಯಿಂದ ಅದಕ್ಕೆ ಡಿಜಿಟಲ್ ಸಹಿ ಹಾಕುತ್ತದೆ. ಈ ಕಟ್ಟಿಗೆ ಮ್ಯಾನಿಫೆಸ್ಟ್ ಎಂದು ಹೆಸರು. ಅದು ಫೋಟೊ ಫೈಲಿನೊಳಗೇ ಕೂರುತ್ತದೆ.

ಈಗ ಫೋಟೊವನ್ನು ತಂತ್ರಾಂಶದಲ್ಲಿ ತೆರೆಯಲಾಗುತ್ತದೆ. ತೆರೆದದ್ದೂ ದಾಖಲಾಗುತ್ತದೆ: c2pa.opened. ಅಂಚು ಕತ್ತರಿಸಿದರೆ c2pa.cropped, ಬಣ್ಣ ಸರಿಪಡಿಸಿದರೆ c2pa.adjustedColor. ಮಗು ಕಣ್ಣು ಮುಚ್ಚಿದೆಯೆಂದು ಇನ್ನೊಂದು ಫೋಟೊದಿಂದ ಮುಖ ತಂದು ಜೋಡಿಸಿದರೆ c2pa.placed ಎಂಬ ನಮೂದು ಬರುತ್ತದೆ, ಜೊತೆಗೆ ಆ ಎರಡನೆಯ ಫೋಟೊ 'ಘಟಕ'ವಾಗಿ ತನ್ನದೇ ಹ್ಯಾಶ್ ಮತ್ತು ಪುಟ್ಟ ಮಾದರಿಚಿತ್ರದೊಂದಿಗೆ ಸೇರಿಕೊಳ್ಳುತ್ತದೆ. ಕೆಲಸ ಮುಗಿಸಿ ರಫ್ತು ಮಾಡುವಾಗ ತಂತ್ರಾಂಶ ಹೊಸ ಚಿತ್ರದ ಹ್ಯಾಶ್ ಲೆಕ್ಕ ಹಾಕಿ ಹೊಸ ಮ್ಯಾನಿಫೆಸ್ಟ್ ಬರೆದು ತನ್ನ ಸಹಿ ಹಾಕುತ್ತದೆ. ಹಳೆಯ ಮ್ಯಾನಿಫೆಸ್ಟ್ ಅಳಿಯದೆ ಹೊಸದರ ಬೆನ್ನಿಗೆ ಉಳಿಯುತ್ತದೆ. ಹೀಗಾಗಿ ಮುಂದೆ ನೋಡುವವರಿಗೆ ಮೂಲ ಮತ್ತು ಬೆರೆಸಿದ ಚಿತ್ರಗಳ ಮಾದರಿಗಳು ಒಟ್ಟಿಗೆ ಸಿಗುತ್ತವೆ. ತೋಳಿನ ಅಂಚು ಏಕೆ ಮಾಯವಾಯಿತೆಂದು ಊಹಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಒಂದು ಮಿತಿಯನ್ನು ಇಲ್ಲೇ ಹೇಳಬೇಕು. ದಾಖಲೆ ಸಾಮಾನ್ಯವಾಗಿ ತಿದ್ದುಪಡಿಯ ಬಗೆಯನ್ನು ಹೇಳುತ್ತದೆ, ಜಾಗವನ್ನಲ್ಲ. ಚಿತ್ರದ ಯಾವ ಭಾಗ ಬದಲಾಯಿತೆಂದು ಬರೆಯಲು ಮಾನದಂಡದಲ್ಲಿ ಅವಕಾಶವಿದ್ದರೂ ಬಹುತೇಕ ತಂತ್ರಾಂಶಗಳು ಅಷ್ಟು ಸೂಕ್ಷ್ಮಕ್ಕೆ ಇಳಿಯುವುದಿಲ್ಲ. ಹೀಗಾಗಿ ಮೊದಲು ಮತ್ತು ನಂತರದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಓದುಗರಿಗೇ ಉಳಿಯುತ್ತದೆ.

ಇನ್ನೂ ದೊಡ್ಡ ತೊಂದರೆ ದಾರಿಯಲ್ಲಿ ಕಾದಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಹೊಸದಾಗಿ ಬರೆಯುತ್ತದೆ. ಒಳಗಿನ ದಾಖಲೆ ಅಲ್ಲಿಗೆ ಮುಗಿಯುತ್ತದೆ. ಸ್ಕ್ರೀನ್‌ಶಾಟ್ ತೆಗೆದರೂ ಅಷ್ಟೇ. ಸಹಿಯಿರುವ ಫೋಟೊವನ್ನು ಕದ್ದು ತಿದ್ದಿದರೆ ಹ್ಯಾಶ್ ಹೊಂದುವುದಿಲ್ಲ, ಪರೀಕ್ಷಿಸುವ ಸಾಧನ ಅದನ್ನು ತಕ್ಷಣ ಹೇಳುತ್ತದೆ. ಆದರೆ ಸಹಿಯನ್ನೇ ಕಿತ್ತುಹಾಕಿದರೆ ಹೇಳಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ದಾಖಲೆಯಿಲ್ಲದ ಚಿತ್ರವನ್ನು ಸುಳ್ಳು ಎನ್ನುವುದು ತಪ್ಪು. ಇಂದು ಓಡಾಡುತ್ತಿರುವ ಹೆಚ್ಚಿನ ನಿಜ ಚಿತ್ರಗಳಿಗೂ ಯಾವ ದಾಖಲೆಯೂ ಇಲ್ಲ.

ಕಣ್ಣಿಗೆ ಕಾಣುವ ಗುರುತು ಬೇಕಾಗುವುದು ಈ ಕಾರಣಕ್ಕೆ. ಚಿತ್ರದಲ್ಲೇ 'ಎರಡು ಫೋಟೊಗಳ ಜೋಡಣೆ' ಎಂದು ಅಚ್ಚೊತ್ತಿದರೆ ಅದು ವಾಟ್ಸ್ಆ್ಯಪ್ ದಾಟುತ್ತದೆ, ಸ್ಕ್ರೀನ್‌ಶಾಟ್‌ನಲ್ಲೂ ಬರುತ್ತದೆ, ಮುದ್ರಿತ ಪುಟದಲ್ಲೂ ಉಳಿಯುತ್ತದೆ. ಮೂಲೆಯಲ್ಲಿಟ್ಟ ಗುರುತನ್ನು ಕತ್ತರಿಸಿ ಎಸೆಯುವುದು ಸುಲಭ. ಚಿತ್ರದ ಮುಖ್ಯ ಭಾಗಕ್ಕೆ ಅಂಟಿದಂತೆ ಇಟ್ಟರೆ ಕಷ್ಟ. ಆದರೆ ಅಚ್ಚೊತ್ತಿದ ಗುರುತಿಗೆ ಸಾಕ್ಷಿಯ ಬಲವಿಲ್ಲ, ಯಾರು ಬೇಕಾದರೂ ಅದನ್ನು ಬರೆಯಬಹುದು. 2023ರ ಅಕ್ಟೋಬರಿನಲ್ಲಿ ಪರಿಚಯಿಸಿದ 'cr' ಎಂಬ ಚಿಹ್ನೆಗೂ ಇದು ಅನ್ವಯಿಸುತ್ತದೆ. ವೆಬ್ ಪುಟವೋ ಆ್ಯಪೋ ತಾನೇ ಪರೀಕ್ಷಿಸಿ ತೋರಿಸಿದಾಗ, ಒತ್ತಿದರೆ ದಾಖಲೆ ತೆರೆದುಕೊಂಡಾಗ ಮಾತ್ರ ಅದಕ್ಕೆ ಬೆಲೆ. ಚಿತ್ರದ ಮೇಲೆ ಸುಮ್ಮನೆ ಬರೆದಿರುವ 'cr' ಏನನ್ನೂ ಸಾಬೀತು ಮಾಡುವುದಿಲ್ಲ. ಭಾರತದಲ್ಲಿ 2025ರ ಅಕ್ಟೋಬರಿನ ಕರಡು ನಿಯಮವು ಕೃತಕವಾಗಿ ಸೃಷ್ಟಿಸಿದ ಚಿತ್ರದ ಕನಿಷ್ಠ ಶೇ. 10ರಷ್ಟು ಜಾಗದಲ್ಲಿ ಇಂಥ ಗುರುತು ಇರಬೇಕೆಂದಿತ್ತು. ಗಾತ್ರ ಹಿಗ್ಗಿಸಿದರೆ ಕಣ್ಣಿಗೆ ಬೀಳುವುದು ನಿಜ, ಅದರಿಂದ ನಂಬಿಕೆ ಹೆಚ್ಚಾಗದು.

ಎರಡನ್ನೂ ಬೆಸೆಯುವ ಮೂರನೆಯ ಉಪಾಯವಿದೆ. ಚಿತ್ರದ ಚುಕ್ಕೆಗಳಲ್ಲಿ ಕಣ್ಣಿಗೆ ಕಾಣದ ವಾಟರ್‌ಮಾರ್ಕ್ ಒಂದನ್ನು ಹರಡಿ, ಅದರಲ್ಲಿ ಒಂದು ಸಂಖ್ಯೆಯನ್ನಷ್ಟೇ ಇಡಲಾಗುತ್ತದೆ. ಮೆಟಾಡೇಟಾ ಕಳೆದುಹೋದರೂ ಈ ಸಂಖ್ಯೆಯನ್ನು ಓದಿ, ಸರ್ವರಿನಲ್ಲಿ ಕಾದಿರಿಸಿದ ಮ್ಯಾನಿಫೆಸ್ಟನ್ನು ಮತ್ತೆ ಹುಡುಕಿ ತರಬಹುದು. ಕುಗ್ಗಿಸುವಿಕೆಯನ್ನು ಅದು ಸಾಕಷ್ಟು ತಾಳಿಕೊಳ್ಳುತ್ತದೆ. ಪಣತೊಟ್ಟು ಅಳಿಸಲು ಕುಳಿತವರನ್ನು ತಡೆಯುವ ಖಾತರಿ ಇಲ್ಲ.

ದಾಖಲೆಯಿಂದ ಅಪಾಯಕ್ಕೆ ಸಿಲುಕುವವರೂ ಇದ್ದಾರೆ. ಯುದ್ಧಭೂಮಿಯ ಛಾಯಾಗ್ರಾಹಕರಿಗೆ ತಮ್ಮ ಹೆಸರು ಮತ್ತು ನಿಂತ ಜಾಗ ಹೊರಬೀಳುವುದು ಪ್ರಾಣಕ್ಕೇ ಕುತ್ತು. ಅದಕ್ಕಾಗಿ ಇಂಥ ವಿವರಗಳನ್ನು ನಂತರ ತೆಗೆದುಹಾಕಲು ಮಾನದಂಡ ಬಿಡುತ್ತದೆ, ತೆಗೆದದ್ದು ಗೊತ್ತಾಗುವಂತೆ. ಏನೇನು ತಿದ್ದಲಾಯಿತು ಎಂಬ ಪಟ್ಟಿಯನ್ನು ಮಾತ್ರ ಹಾಗೆ ತೆಗೆಯಲು ಬಿಡುವುದಿಲ್ಲ. ಇದು ಸರಿಯಾದ ಆಯ್ಕೆ.

ಸಹಿ ನಿಜವಾಗಿದ್ದೂ ಚಿತ್ರ ಸುಳ್ಳಾಗಬಹುದು. ನಿಕಾನ್ ಝಡ್6 3 ಕ್ಯಾಮೆರಾದಲ್ಲಿ ಎರಡು ಚಿತ್ರಗಳನ್ನು ಒಂದರ ಮೇಲೊಂದು ಹೇರುವ ಸೌಲಭ್ಯ ಬಳಸಿ, ಸಹಿಯೇ ಇಲ್ಲದ ಹೊರಗಿನ ಚಿತ್ರಕ್ಕೆ ಸಹಿ ಪಡೆಯಬಹುದೆಂದು 2025ರಲ್ಲಿ ಬಳಕೆದಾರರೊಬ್ಬರು ತೋರಿಸಿದರು. ಕಂಪನಿ ಸೇವೆಯನ್ನು ನಿಲ್ಲಿಸಿ, ಕೊಟ್ಟಿದ್ದ ಪ್ರಮಾಣಪತ್ರಗಳನ್ನು ರದ್ದುಮಾಡಿತು. ಪರದೆಯ ಮೇಲಿನ ಚಿತ್ರವನ್ನು ಸಹಿ ಹಾಕುವ ಕ್ಯಾಮೆರಾದಿಂದ ಮರುಫೋಟೊ ತೆಗೆಯುವ ಹಳೆಯ ದಾರಿಯೂ ತೆರೆದೇ ಇದೆ.

ಹೀಗಾಗಿ ಪರೀಕ್ಷಾ ಪುಟದಲ್ಲಿ ಫೋಟೊ ಹಾಕಿದಾಗ ಬರುವ ಉತ್ತರವನ್ನು ಬಿಡಿಸಿ ಓದಬೇಕಾಗುತ್ತದೆ. ಹ್ಯಾಶ್ ಹೊಂದಿದೆಯೇ ಎಂಬುದು ಮೊದಲು: ಹೊಂದದಿದ್ದರೆ ಸಹಿಯ ನಂತರ ಯಾರೋ ಚಿತ್ರ ಮುಟ್ಟಿದ್ದಾರೆ. ಸಹಿ ಯಾರದು, ಅವರ ಪ್ರಮಾಣಪತ್ರ ಮಾನ್ಯರ ಪಟ್ಟಿಯಲ್ಲಿದೆಯೇ ಎಂಬುದು ನಂತರ. ಏಕೆಂದರೆ ತನ್ನದೇ ಪ್ರಮಾಣಪತ್ರ ತಯಾರಿಸಿಕೊಂಡು ಸಹಿ ಹಾಕಲು ಯಾರಿಗೂ ಅಡ್ಡಿಯಿಲ್ಲ, ಆಗ ಸಾಧನ 'ಅಪರಿಚಿತ ಮೂಲ' ಎಂಬರ್ಥದ ಎಚ್ಚರಿಕೆಯಷ್ಟೇ ಕೊಡುತ್ತದೆ. ಕೊನೆಯಲ್ಲಿ ಸರಪಳಿ ಎಲ್ಲಿಂದ ಶುರುವಾಗಿದೆ ಎಂದು ನೋಡಬೇಕು. ಅದು ಕ್ಯಾಮೆರಾದಿಂದಲ್ಲದೆ ತಂತ್ರಾಂಶದಿಂದ ಶುರುವಾಗಿದ್ದರೆ, ಅದಕ್ಕೆ ಮುಂಚೆ ಚಿತ್ರಕ್ಕೆ ಏನಾಗಿತ್ತೆಂಬುದು ದಾಖಲೆಯ ಹೊರಗೇ ಉಳಿದಿರುತ್ತದೆ.