ತಣಿಯುವ ಹೊಗೆಯಲ್ಲಿ ಹುಟ್ಟುವ ವಿಷ

ಗುಜರಿ ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಹಳೇ ವೈರುಗಳ ರಾಶಿಗೆ ಬೆಂಕಿ ಹಚ್ಚುವುದನ್ನು ನೀವೂ ಕಂಡಿರಬಹುದು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಉರಿದುಹೋದರೆ ಒಳಗಿನ ತಾಮ್ರ ಸುಲಭವಾಗಿ ಕೈಗೆ ಸಿಗುತ್ತದೆ. ಆ ಬೆಂಕಿಯನ್ನು ಗಮನಿಸಿ ನೋಡಿದರೆ ಜ್ವಾಲೆಯ ಅಂಚು ಅಲ್ಲಲ್ಲಿ ಹಸಿರಾಗಿ ಕಾಣುತ್ತದೆ. ತಾಮ್ರ ಮತ್ತು ಕ್ಲೋರಿನ್ ಕೂಡಿವೆ ಎಂಬುದರ ಗುರುತು ಅದು. ಪ್ಲಾಸ್ಟಿಕ್ಕಿನಲ್ಲಿ ಕ್ಲೋರಿನ್ ಇದೆಯೇ ಎಂದು ಪತ್ತೆ ಹಚ್ಚಲು ಪ್ರಯೋಗಾಲಯಗಳಲ್ಲಿ ನಡೆಸುವ ಬೈಲ್‌ಸ್ಟೈನ್ ಪರೀಕ್ಷೆಯೂ ಇದೇ ಹಸಿರನ್ನು ಹುಡುಕುತ್ತದೆ.

ವೈರಿನ ಹೊದಿಕೆ ಸಾಮಾನ್ಯವಾಗಿ ಪಿವಿಸಿ. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು ಶೇ. 57ರಷ್ಟು, ಕ್ಲೋರಿನ್ನೇ ಇರುತ್ತದೆ. ಡಯಾಕ್ಸಿನ್ ಎಂಬ ವಿಷಕ್ಕೆ ಬೇಕಾದದ್ದು ಇಂಗಾಲ, ಆಮ್ಲಜನಕ, ಕ್ಲೋರಿನ್ ಮತ್ತು ಇವನ್ನು ಬೆಸೆಯಲು ನೆರವಾಗುವ ಒಂದು ಲೋಹ. ಈ ಕೆಲಸದಲ್ಲಿ ತಾಮ್ರದಷ್ಟು ಚುರುಕಾದ ಲೋಹ ಕಡಿಮೆ. ಅಂದರೆ ವೈರಿನ ರಾಶಿಯಲ್ಲಿ ಎಲ್ಲ ಸಾಮಗ್ರಿಯೂ ಒಂದೇ ಕಡೆ ಸಿದ್ಧವಾಗಿರುತ್ತದೆ. ಹಾಲಿನ ಕವರಿನ ಪಾಲಿಥೀನ್‌ನಲ್ಲಿ ಕ್ಲೋರಿನ್ ಇಲ್ಲ, ನಿಜ. ಆದರೆ ಬೀದಿಯ ಕಸ ಎಂದೂ ಒಂದೇ ಬಗೆಯದಲ್ಲ. ಅದರಲ್ಲಿ ಪಿವಿಸಿ ಚೂರು ಇರುತ್ತದೆ, ಅಡುಗೆಮನೆಯ ಉಪ್ಪು ಇರುತ್ತದೆ, ಲೋಹದ ಅಂಶವೂ ಇರುತ್ತದೆ.

ಸಾಮಗ್ರಿ ಇದ್ದ ಮಾತ್ರಕ್ಕೆ ವಿಷ ಆಗುವುದಿಲ್ಲ, ಹದ ಬೇಕು. ಆ ಹದ ಸುಮಾರು 200ರಿಂದ 450 ಡಿಗ್ರಿ ಸೆಲ್ಸಿಯಸ್. ಹೆಚ್ಚಿನ ಡಯಾಕ್ಸಿನ್ ಹುಟ್ಟುವುದು ಉರಿಯುವ ಜ್ವಾಲೆಯ ಒಡಲಿನಲ್ಲಲ್ಲ, ಹೊಗೆ ತಣಿಯುತ್ತಾ ಈ ಶಾಖದ ಪಟ್ಟಿಯನ್ನು ಹಾದುಹೋಗುವಾಗ. ಮಸಿಯ ಕಣ, ಹಾರುಬೂದಿ ಇವುಗಳ ಮೈಮೇಲೆ ಇಂಗಾಲಕ್ಕೆ ಕ್ಲೋರಿನ್ ಅಂಟಿಕೊಳ್ಳುತ್ತದೆ. ಬಯಲಿನ ಬೆಂಕಿಯಲ್ಲಿ ನಡುವೆ ಉರಿ, ಸುತ್ತ ಗಂಟೆಗಟ್ಟಲೆ ಹೊಗೆಯಾಡುವ ಕೆಂಡ. ಗಾಳಿ ಸಾಲದೆ ಅರೆಬೆಂದ ಮಸಿ ರಾಶಿಯಾಗಿ ಏಳುತ್ತದೆ, ನಿಧಾನವಾಗಿ ತಣಿಯುತ್ತದೆ.

ಒಳ್ಳೆಯ ದಹನ ಘಟಕ ಈ ದಾರಿಯನ್ನು ಎರಡು ಕಡೆ ಕಡಿಯುತ್ತದೆ. ಮೊದಲು, ಹೊಗೆಯನ್ನು 850 ಡಿಗ್ರಿಗಿಂತ ಹೆಚ್ಚು ಶಾಖದಲ್ಲಿ, ಸಾಕಷ್ಟು ಗಾಳಿ ಬೆರೆಸಿ, ಕನಿಷ್ಠ ಎರಡು ಸೆಕೆಂಡು ಹಿಡಿದಿಡುತ್ತಾರೆ. ಅಷ್ಟರಲ್ಲಿ ಡಯಾಕ್ಸಿನ್ ಮತ್ತು ಅದಕ್ಕೆ ಮೂಲವಾಗುವ ಅರೆಬೆಂದ ಅಂಶಗಳು ಒಡೆದುಹೋಗುತ್ತವೆ. ನಮ್ಮ ದೇಶದಲ್ಲಿ ಆಸ್ಪತ್ರೆಯ ಕಸ ಸುಡುವ ಕುಲುಮೆಯ ಎರಡನೇ ಕೋಣೆಗೆ ನಿಯಮ ಇನ್ನೂ ಬಿಗಿ: 1050 ಡಿಗ್ರಿ, ಐವತ್ತು ಡಿಗ್ರಿ ಆಚೀಚೆ. ಕ್ಲೋರಿನ್ ಬೆರೆತ ಪ್ಲಾಸ್ಟಿಕ್ಕನ್ನು ಅದಕ್ಕೆ ಹಾಕುವಂತೆಯೇ ಇಲ್ಲ.

ಆದರೆ ಶಾಖವೊಂದೇ ಸಾಲದು. 1977ರಲ್ಲಿ ಆಮ್‌ಸ್ಟರ್‌ಡಾಮ್‌ನ ವಿಜ್ಞಾನಿಗಳು ಕಸ ಸುಡುವ ಘಟಕದ ಹಾರುಬೂದಿಯಲ್ಲೇ ಡಯಾಕ್ಸಿನ್ ಕಂಡರು. ಕುಲುಮೆಯಲ್ಲಿ ನಾಶವಾದದ್ದು, ಹೊಗೆ ಹೊರಹೋಗುವ ಹಾದಿಯಲ್ಲಿ ಮತ್ತೆ ಹುಟ್ಟುತ್ತಿತ್ತು. ಬೂದಿ ಹಿಡಿಯುವ ಯಂತ್ರಗಳೇ ಮುನ್ನೂರು ಡಿಗ್ರಿಯ ಆಸುಪಾಸಿನಲ್ಲಿ ಓಡಿದಾಗ ವಿಷದ ಕಾರ್ಖಾನೆಗಳಾಗುತ್ತಿದ್ದವು. ಹಾಗಾಗಿ ಎರಡನೇ ಕಡಿತ: ಹೊಗೆಯನ್ನು ಆ ಅಪಾಯದ ಪಟ್ಟಿಯಿಂದ ಸರ್ರನೆ ಕೆಳಗಿಳಿಸುವುದು. ಉಳಿದ ಚೂರುಪಾರನ್ನು ಸಕ್ರಿಯ ಇದ್ದಿಲ ಪುಡಿ ಹೀರುತ್ತದೆ, ಬಟ್ಟೆಯ ಚೀಲದ ಜರಡಿ ಹಿಡಿಯುತ್ತದೆ. ಇಂಥ ಬಿಗಿ ಬಂದ ಮೇಲೆ ಜರ್ಮನಿಯ ಕಸ ಸುಡುವ ಘಟಕಗಳಿಂದ ಹೊಮ್ಮುವ ಡಯಾಕ್ಸಿನ್, 1990ರಲ್ಲಿ ವರ್ಷಕ್ಕೆ 400 ಗ್ರಾಂ ಇದ್ದದ್ದು, ಮುಂದಿನ ಹದಿನೈದು ವರ್ಷಗಳೊಳಗೆ ಅರ್ಧ ಗ್ರಾಂಗಿಂತ ಕೆಳಗಿಳಿಯಿತು.

ಹಾಗೆಂದು ಘಟಕದಿಂದ ಒಂದಿಷ್ಟೂ ಹೊರಬರುವುದಿಲ್ಲ ಎನ್ನಲಾಗದು. ಕುಲುಮೆ ಹೊತ್ತಿಸುವಾಗ, ಆರಿಸುವಾಗ, ಒದ್ದೆ ಕಸ ತುಂಬಿ ಶಾಖ ಕುಸಿದಾಗ ವಿಷ ಹೆಚ್ಚುತ್ತದೆ. ಜರಡಿಯಲ್ಲಿ ಸಿಕ್ಕ ಬೂದಿಯಲ್ಲೂ ಅದಿರುತ್ತದೆ, ಅದನ್ನು ಜೋಪಾನವಾಗಿ ಹೂಳಬೇಕು. ಆದರೂ ಅಂತರ ದೊಡ್ಡದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಮನೆಯ ಕಸವನ್ನು ಪೀಪಾಯಿಯಲ್ಲಿ ಸುಟ್ಟು ಅಳೆದು, 2000ದಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಎರಡರಿಂದ ನಲವತ್ತು ಮನೆಗಳು ಹಿತ್ತಿಲಲ್ಲಿ ಸುಡುವ ಕಸ, ದಿನಕ್ಕೆ ಸುಮಾರು 180 ಟನ್ ಸುಡುವ ಆಧುನಿಕ ಘಟಕದಷ್ಟೇ ಡಯಾಕ್ಸಿನ್ ಕಾರಬಲ್ಲದು.

ಹೊಗೆ ಕರಗಿದ ಮೇಲೂ ಈ ವಿಷ ಕರಗುವುದಿಲ್ಲ. ಹುಲ್ಲಿನ ಮೇಲೆ ಕೂತು ಹಸುವಿನ ಹಾಲಿನ ಕೊಬ್ಬಿಗೆ, ಬೂದಿ ಕೆದಕುವ ಕೋಳಿಯಿಂದ ಮೊಟ್ಟೆಗೆ, ಅಲ್ಲಿಂದ ನಮ್ಮ ಮೈಗೆ ಬರುತ್ತದೆ. ಮೈಗೆ ಸೇರಿದ್ದರಲ್ಲಿ ಅರ್ಧ ಕಡಿಮೆಯಾಗಲು ಏಳರಿಂದ ಹನ್ನೊಂದು ವರ್ಷ ಬೇಕು. ಅತ್ಯಂತ ವಿಷಕಾರಿ ಬಗೆಯ ಡಯಾಕ್ಸಿನ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದು ದೃಢಪಟ್ಟಿದೆ.

ವೈರನ್ನು ಬ್ಲೇಡಿನಿಂದ ಸೀಳಿಯೂ ತಾಮ್ರ ತೆಗೆಯಬಹುದು. ಸುಲಿದು ತೆಗೆದ ಹೊಳೆಯುವ ತಾಮ್ರಕ್ಕೆ ಸುಟ್ಟು ಕಪ್ಪಾದ ತಾಮ್ರಕ್ಕಿಂತ ಒಳ್ಳೆಯ ಬೆಲೆಯಿದೆ. ಸುಡುವುದು ಹೊತ್ತು ಉಳಿಸಲೆಂದು ಮಾತ್ರ. ಆ ಉಳಿಸಿದ ಹೊತ್ತಿಗೆ ಬೆಲೆ ತೆರುವವರು ಬೆಂಕಿಯ ಪಕ್ಕ ನಿಂತವರು ಮತ್ತು ಬೂದಿಯ ಮೇಲೆ ಆಡುವ ಅವರ ಮಕ್ಕಳು.